ಆಟಿಕೆ ಕಾರು, ಹಿಂದೆ ಬೆಟ್ಟದ ಫೋಟೋ: ಅಂಟಿಸಿದ ಹಾಗೆ ಯಾಕೆ ಕಾಣುತ್ತದೆ?

ಪ್ರಶ್ನೆ: ನನ್ನ ಹತ್ತಿರ 1:18 ಅಳತೆಯ ಒಂದು ಕಾರಿದೆ. ನಾನೇ ತೆಗೆದ ಬೆಟ್ಟದ ಫೋಟೋ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅದರ ಹಿಂದೆ ನಿಲ್ಲಿಸುತ್ತೇನೆ. ಕಾರೂ ಚೆನ್ನಾಗಿದೆ, ಪ್ರಿಂಟೂ ಚೆನ್ನಾಗಿದೆ. ಆದರೆ ಎರಡನ್ನೂ ಸೇರಿಸಿ ಫೋಟೋ ತೆಗೆದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಎಡವಿದ್ದು ಎಲ್ಲಿ?

ಉತ್ತರ: ಹೆಚ್ಚಿನವರು ಮೊದಲು ಬೆಳಕನ್ನು ದೂರುತ್ತಾರೆ, ಆಮೇಲೆ ಕ್ಯಾಮೆರಾವನ್ನು. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ತಪ್ಪಿರುವುದು ದಿಗಂತ.

ಬಯಲಲ್ಲಿ ನಿಂತು ನೋಡಿ. ನೆಲ ಆಕಾಶವನ್ನು ಮುಟ್ಟುವ ಗೆರೆ ಸದಾ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಕುಳಿತರೆ ಅದೂ ಇಳಿಯುತ್ತದೆ, ಮಹಡಿ ಹತ್ತಿದರೆ ಅದೂ ಏರುತ್ತದೆ. ಮೇಜಿನ ಮೇಲಿನ ಪುಟ್ಟ ಲೋಕಕ್ಕೂ ಇದೇ ನಿಯಮ. ಅಲ್ಲಿ ಕಣ್ಣು ಅಂದರೆ ಲೆನ್ಸ್. ಮೇಜಿನಿಂದ ಲೆನ್ಸ್ ಎಷ್ಟು ಎತ್ತರದಲ್ಲಿದೆಯೋ, ಹಿಂದಿನ ಪ್ರಿಂಟ್‌ನಲ್ಲಿರುವ ದಿಗಂತವೂ ಮೇಜಿನಿಂದ ಅಷ್ಟೇ ಎತ್ತರದಲ್ಲಿ ಬರಬೇಕು. ಪ್ರಿಂಟ್ ಹತ್ತಿರ ಇರಲಿ ದೂರ ಇರಲಿ, ಇದು ಬದಲಾಗುವುದಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. ರಸ್ತೆಬದಿ ನಿಂತವನ ಕಣ್ಣು ನೆಲದಿಂದ ಸುಮಾರು 160 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ ಅಂದುಕೊಳ್ಳಿ. ಅದನ್ನು 18ರಿಂದ ಭಾಗಿಸಿದರೆ ಸುಮಾರು 9 ಸೆಂಟಿಮೀಟರ್. ನಿಮ್ಮ ಲೆನ್ಸ್ ಇರಬೇಕಾದ ಎತ್ತರ ಅಷ್ಟೇ. ಆದರೆ ನಾವು ಸಾಮಾನ್ಯವಾಗಿ ಮಾಡುವುದೇನು? ಮೇಜಿನ ಮುಂದೆ ಕುಳಿತು, ಫೋನನ್ನು ಒಂದಡಿ ಮೇಲೆ ಹಿಡಿದು ಕೆಳಕ್ಕೆ ಬಾಗಿಸಿ ಕ್ಲಿಕ್ ಮಾಡುತ್ತೇವೆ. 30 ಸೆಂಟಿಮೀಟರನ್ನು 18ರಿಂದ ಗುಣಿಸಿದರೆ ಐದು ಮೀಟರಿಗೂ ಜಾಸ್ತಿ. ಅಂದರೆ ಕಾರನ್ನು ಮಹಡಿ ಮೇಲಿನಿಂದ ಬಗ್ಗಿ ನೋಡಿದಂತಾಯಿತು. ಹಿಂದಿನ ಬೆಟ್ಟವನ್ನೋ ನೆಲದಲ್ಲಿ ನಿಂತು ತೆಗೆದಿದ್ದೀರಿ. ಒಂದೇ ಚಿತ್ರದಲ್ಲಿ ಎರಡು ಕಣ್ಣು! ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ಆದರೆ ಏನೋ ಸರಿಯಿಲ್ಲ ಅನ್ನುವುದು ಥಟ್ಟನೆ ಗೊತ್ತಾಗುತ್ತದೆ. ನಾನು ಮೊದಲು ತೆಗೆದ ಇಂಥ ಚಿತ್ರದಲ್ಲಿ ಕಾರು ಮುಂದಕ್ಕೆ ಜಾರಿ ಬೀಳುತ್ತಿರುವಂತಿತ್ತು. ತಿಂಗಳುಗಟ್ಟಲೆ ಸುಮ್ನೆ ಬಲ್ಬುಗಳನ್ನು ಬದಲಾಯಿಸುತ್ತಾ ಕಳೆದೆ.

ಲೆನ್ಸನ್ನು 9 ಸೆಂಟಿಮೀಟರಿಗೆ ಇಳಿಸುವುದು ಸುಲಭ. ಫೋನನ್ನು ತಲೆಕೆಳಗಾಗಿ ಹಿಡಿಯಿರಿ. ಆಗ ಮೇಲಿನ ಮೂಲೆಯಲ್ಲಿರುವ ಲೆನ್ಸ್ ಮೇಜಿನ ಹತ್ತಿರಕ್ಕೆ ಬರುತ್ತದೆ. ಎರಡು ಪುಸ್ತಕ ಜೋಡಿಸಿ ಅದರ ಮೇಲೆ ಒರಗಿಸಿದರೂ ಸಾಕು. ಅಂಗೈಯಲ್ಲಿ ಹಿಡಿಸುವ 1:64ರ ಕಾರಾದರೆ ಲೆನ್ಸ್ ಎರಡೂವರೆ ಸೆಂಟಿಮೀಟರಿಗೆ ಇಳಿಯಬೇಕು. ಅಲ್ಲಿ ತಲೆಕೆಳಗೆ ಮಾಡದೆ ಬೇರೆ ದಾರಿಯೇ ಇಲ್ಲ.

ಇನ್ನು ಪ್ರಿಂಟ್‌ನಲ್ಲಿ ದಿಗಂತ ಎಲ್ಲಿದೆ ಎಂದು ಹುಡುಕಬೇಕು. ಇಲ್ಲೊಂದು ಮೋಸವಿದೆ. ಬೆಟ್ಟದ ನೆತ್ತಿಯ ಗೆರೆ ದಿಗಂತವಲ್ಲ, ಅದು ದಿಗಂತಕ್ಕಿಂತ ಮೇಲಿರುತ್ತದೆ. ನಿಜವಾದ ದಿಗಂತ ಬೆಟ್ಟದ ಬುಡದ ಹತ್ತಿರ ಎಲ್ಲೋ ಅಡಗಿರುತ್ತದೆ. ಅದಕ್ಕೇ ಹಿನ್ನೆಲೆಯ ಫೋಟೋ ತೆಗೆಯುವಾಗ ಫೋನನ್ನು ಮೇಲಕ್ಕೂ ಕೆಳಕ್ಕೂ ಬಾಗಿಸದೆ ನೇರವಾಗಿ ಹಿಡಿಯಿರಿ. ಆಗ ಚಿತ್ರದ ಸರಿಯಾದ ನಡುವೆಯೇ ದಿಗಂತ ಬರುತ್ತದೆ, ಕತ್ತರಿಸುವ ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಬಹುದು. ಮೇಜಿನ ಬಳಿ ಹೊಂದಿಸುವಾಗ 9 ಸೆಂಟಿಮೀಟರ್ ಉದ್ದದ ಒಂದು ಕಡ್ಡಿಯನ್ನು ಪ್ರಿಂಟ್‌ನ ಮುಂದೆ ನಿಲ್ಲಿಸಿ. ಕಡ್ಡಿಯ ತುದಿ ಆ ಗುರುತನ್ನು ಮುಟ್ಟುವ ತನಕ ಪ್ರಿಂಟನ್ನು ಮೇಲೆ ಕೆಳಗೆ ಸರಿಸಿ. ಎ1 ಹಾಳೆಯನ್ನು ಅಡ್ಡಲಾಗಿ ಹಿಡಿದರೆ ಎತ್ತರ ಸುಮಾರು 59 ಸೆಂಟಿಮೀಟರ್, ನಡುಗೆರೆ ಸುಮಾರು 30ರಲ್ಲಿ. ಅದನ್ನು 9ಕ್ಕೆ ತರಬೇಕಾದರೆ ಹಾಳೆಯ ಕೆಳಭಾಗ ಮೇಜಿನ ಹಿಂದೆ 20 ಸೆಂಟಿಮೀಟರಿನಷ್ಟು ಇಳಿದಿರಬೇಕು. ಪ್ರಿಂಟನ್ನು ಮೇಜಿನ ಮೇಲೇ ನಿಲ್ಲಿಸಿದ್ದರೆ ಅದೇ ನಿಮ್ಮ ಎರಡನೇ ತಪ್ಪು.

ಕಾರಿಗೂ ಪ್ರಿಂಟ್‌ಗೂ ನಡುವೆ ಎಷ್ಟು ಜಾಗ ಬಿಡಬೇಕು? ಅರ್ಧ ಮೀಟರಿಗಿಂತ ಕಡಿಮೆ ಬೇಡ. ಹತ್ತಿರ ಇಟ್ಟರೆ ಕಾರಿನ ನೆರಳು ಆಕಾಶದ ಮೇಲೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ದೂರ ಇಟ್ಟಷ್ಟೂ ದೊಡ್ಡ ಪ್ರಿಂಟ್ ಬೇಕಾಗುತ್ತದೆ. ಲೆನ್ಸಿನಿಂದ ಕಾರಿಗೆ 50, ಕಾರಿನಿಂದ ಪ್ರಿಂಟ್‌ಗೆ 60, ಒಟ್ಟು 110 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಫೋನಿನ ಮಾಮೂಲಿ ಅಗಲ ಲೆನ್ಸಿನಲ್ಲಿ ಅಷ್ಟು ದೂರದಲ್ಲಿ ಸುಮಾರು ಒಂದೂವರೆ ಮೀಟರ್ ಅಗಲದ ಪ್ರಿಂಟ್ ಬೇಕು. ಅದೇ 2x ಜೂಮ್‌ಗೆ ಹೋದರೆ ದೂರದ ಮುಕ್ಕಾಲು ಪಾಲು, ಅಂದರೆ 80ರ ಆಸುಪಾಸು ಸಾಕು. ಎ1ರ ಅಗಲ 84. ಹೊಂದಿತು, ಅಲ್ವಾ? 25 ಸೆಂಟಿಮೀಟರಿನ ನಿಮ್ಮ ಕಾರೂ ಚೌಕಟ್ಟಿನೊಳಗೆ ಆರಾಮವಾಗಿ ಕೂರುತ್ತದೆ. ಪ್ರಿಂಟ್ ಮ್ಯಾಟ್ ಆಗಿರಲಿ. ಗ್ಲಾಸಿ ಹಾಳೆಯಲ್ಲಿ ದೀಪ ಮಿಂಚಿ ಆಕಾಶದಲ್ಲಿ ಬಿಳಿ ತೇಪೆ ಬೀಳುತ್ತದೆ.

ಬೆಳಕಿನ ವಿಷಯ ಈಗ ಬಂತು. ಬೆಟ್ಟದ ಚಿತ್ರದಲ್ಲಿ ಬಿಸಿಲು ಎಡದಿಂದ ಬಂದಿದ್ದರೆ ಕಾರಿಗೂ ಎಡದಿಂದಲೇ ಬರಬೇಕು, ಅದೇ ಇಳಿಜಾರಿನಲ್ಲಿ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಜನ ಮರೆಯುವುದು ದೀಪದ ದೂರವನ್ನು. ದೀಪ ಕಾರಿನ ಪಕ್ಕದಲ್ಲೇ ಇದ್ದರೆ ನೆರಳುಗಳು ಬೀಸಣಿಗೆಯಂತೆ ಹರಡುತ್ತವೆ. ಬಿಸಿಲಿನ ನೆರಳು ಹಾಗೆ ಹರಡುವುದಿಲ್ಲ. ಒಂದೇ ದೀಪವನ್ನು ಎರಡು ಮೀಟರ್ ದೂರ ಒಯ್ಯಿರಿ. ನೆರಳಿನ ಅಂಚು ಚೂಪಾಗಿರಬೇಕಾದರೆ ದೀಪದ ಮುಖ ಚಿಕ್ಕದಾಗಿರಬೇಕು. ಸೂರ್ಯ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು ಅಗಲವಾಗಿ. ಎರಡು ಮೀಟರ್ ದೂರದಲ್ಲಿ ಅದಕ್ಕೆ ಸಮ ಅಂದರೆ ಎರಡು ಸೆಂಟಿಮೀಟರಿಗಿಂತ ಚಿಕ್ಕ ಬೆಳಕು. ಒಳ್ಳೆಯ ಟಾರ್ಚ್ ಸಾಕು. ಹಿನ್ನೆಲೆ ಮೋಡದ ದಿನದ್ದಾದರೆ ಇದರ ಉಲ್ಟಾ, ದೀಪದ ಮುಂದೆ ದೊಡ್ಡ ಟ್ರೇಸಿಂಗ್ ಹಾಳೆ ಹಿಡಿಯಿರಿ. ಪ್ರಿಂಟ್‌ಗೆ ಬೇರೆಯೇ ದೀಪ ಕೊಡಿ, ಸ್ವಲ್ಪ ಜಾಸ್ತಿಯೇ ಬೆಳಗಲಿ. ದೂರದ್ದು ತಿಳಿಯಾಗಿ, ಮಸುಕಾಗಿ ಕಾಣುವುದೇ ಸಹಜ.

ಪೋರ್ಟ್ರೇಟ್ ಮೋಡ್ ಹಾಕಬೇಡಿ. ಕಾರಿನ ಮೂತಿ ಸ್ಪಷ್ಟವಾಗಿ, ಹಿಂಬದಿ ಮಸುಕಾಗಿ ಬಂದರೆ ಅದು ಆಟಿಕೆ ಎಂದು ತಾನೇ ಸಾರಿ ಹೇಳುತ್ತದೆ. ದೊಡ್ಡ ಕ್ಯಾಮೆರಾ ಇದ್ದರೆ ಎಫ್/16ರ ಸುತ್ತ ಇಟ್ಟು ಟ್ರೈಪಾಡ್ ಬಳಸಿ. ಈ ಒಂದು ವಿಷಯದಲ್ಲಿ ಫೋನಿನ ಪುಟ್ಟ ಸೆನ್ಸರೇ ನಮ್ಮ ಪಾಲಿಗೆ ವರ.

ಹಿನ್ನೆಲೆಯನ್ನು ಬಣ್ಣದಲ್ಲಿ ಬರೆಯುವವರಿಗೂ ದಿಗಂತದ ಲೆಕ್ಕ ಇದೇ. ಅವರಿಗಿರುವ ಅನುಕೂಲ ಏನೆಂದರೆ, ಗೆರೆಯನ್ನು ಬೇಕಾದಲ್ಲೇ ಎಳೆದುಕೊಳ್ಳಬಹುದು. ಸಾಲು ಬೆಟ್ಟ ಬರೆಯುವಾಗ ಪ್ರತಿ ಹಿಂದಿನ ಸಾಲಿಗೂ ಆಕಾಶದ ಬಣ್ಣವನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ. ಅಚ್ಚ ಕಪ್ಪು ಎಲ್ಲೂ ಬೇಡ. ಚೂಪಾದ ನೆರಳನ್ನೂ ಬರೆಯಬೇಡಿ, ನಾಳೆ ದೀಪದ ಜಾಗ ಬದಲಿಸಿದರೆ ಅದು ಸುಳ್ಳಾಗುತ್ತದೆ.

ಕೊನೆಗೆ ಉಳಿಯುವುದು ಮೇಜಿನ ಹಿಂದಿನ ಅಂಚು. ಲೆನ್ಸನ್ನು ಎಷ್ಟೇ ಇಳಿಸಿದರೂ ಅದೊಂದು ನೇರ ಗೆರೆಯಾಗಿ ಕಂಡೇ ಕಾಣುತ್ತದೆ. ಅದರ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಎತ್ತರದ ಮಣ್ಣಿನ ದಿಬ್ಬ, ಒಣಗಿದ ಪಾಚಿ, ಸಣ್ಣ ಬೇಲಿ ಏನಾದರೂ ಇಡಿ, ಅಂಕುಡೊಂಕಾಗಿ. ಪ್ರಿಂಟ್‌ನಲ್ಲಿ ನಿಮ್ಮ ಕಡೆಗೇ ಬರುವ ರಸ್ತೆ ಇರುವ ಚಿತ್ರವನ್ನು ಸದ್ಯಕ್ಕೆ ಬಿಡಿ. ಮೇಜಿನ ರಸ್ತೆಯೂ ಚಿತ್ರದ ರಸ್ತೆಯೂ ಒಂದೇ ಬಿಂದುವಿನಲ್ಲಿ ಕೂಡಬೇಕು, ಕೂದಲೆಳೆಯಷ್ಟು ತಪ್ಪಿದರೂ ಮುರಿದ ಹಾಗೆ ಕಾಣುತ್ತದೆ.

ಪ್ರಿಂಟೇ ಬೇಡ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಅಮೆರಿಕದ ಮೈಕೆಲ್ ಪಾಲ್ ಸ್ಮಿತ್ 1:24ರ ಕಾರುಗಳನ್ನು ಮೇಜಿನೊಂದಿಗೆ ಹೊರಗೇ ಒಯ್ದು, ನಿಜವಾದ ಮರಗಳೂ ಮನೆಗಳೂ ಹಿಂದೆ ಬರುವಂತೆ ನಿಲ್ಲಿಸಿ ತೆಗೆಯುತ್ತಿದ್ದರು. ಬಳಸಿದ್ದು ಸಾಮಾನ್ಯ ಪುಟ್ಟ ಡಿಜಿಟಲ್ ಕ್ಯಾಮೆರಾ. ಅಲ್ಲಿ ಬಿಸಿಲೂ ಒಂದೇ, ದಿಗಂತವೂ ಒಂದೇ. ಮೇಜಿನ ಅಂಚನ್ನು ಮಾತ್ರ ಅಲ್ಲೂ ಮುಚ್ಚಬೇಕು.