ಬಡ್ಡಿ ಬಿದ್ದರೂ ಅಸಲು ನಿಲ್ಲುತ್ತದೆ

"ತಿಂಗಳಿಗೆ ನೂರಕ್ಕೆ ಐದು ಬಡ್ಡಿ ಅಂದ್ರೆ ಕಾನೂನಿಗೆ ವಿರುದ್ಧ ಅಲ್ವಾ ವಕೀಲರೇ? ಹಾಗಾದ್ರೆ ನಾನು ಏನೂ ಕೊಡಬೇಕಾಗಿಲ್ಲ ಅಲ್ವಾ?" ಕಾಸರಗೋಡಿನ ನನ್ನ ಕಚೇರಿಗೆ ಬರುವ ವ್ಯಾಪಾರಸ್ಥರು ಈ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಮೊದಲನೆಯದಕ್ಕೆ ಹೆಚ್ಚಿನ ಸಲ ಹೌದು ಅನ್ನಬಹುದು. ಎರಡನೆಯದಕ್ಕೆ ಅಲ್ಲ. ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುವುದಿಲ್ಲ ಮಾರಾಯ್ರೇ.

ಕೇರಳದಲ್ಲಿ ಸಾಲ ಕೊಡುವುದನ್ನೇ ವ್ಯವಹಾರ ಮಾಡಿಕೊಂಡವರಿಗೆ 1958ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಬ್ಯಾಂಕುಗಳ ಗರಿಷ್ಠ ಬಡ್ಡಿಗಿಂತ ವರ್ಷಕ್ಕೆ ಶೇಕಡಾ 2ರಷ್ಟು ಮಾತ್ರ ಅವರು ಜಾಸ್ತಿ ತೆಗೆದುಕೊಳ್ಳಬಹುದು. ಅತಿಬಡ್ಡಿ ತಡೆಯಲು 2012ರಲ್ಲಿ ಬಂದ ಇನ್ನೊಂದು ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ. 2014ರಲ್ಲಿ 'ಆಪರೇಷನ್ ಕುಬೇರ' ಎಂದು ಪೊಲೀಸರು ಅತಿಬಡ್ಡಿಗೆ ಸಾಲ ಕೊಡುವ ಬ್ಲೇಡಿನವರ ಮನೆಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಆದರೆ ಇದೆಲ್ಲ ಬಡ್ಡಿಯ ಮಾತು. ಕೈಗೆ ಬಂದ ಅಸಲನ್ನು ಈ ಕಾಯ್ದೆಗಳು ಮನ್ನಾ ಮಾಡುವುದಿಲ್ಲ.

ಬದಿಯಡ್ಕ ಕಡೆಯ ಒಬ್ಬ ಅಡಿಕೆ ವ್ಯಾಪಾರಿಯ ಲೆಕ್ಕ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ. ಮೂರು ಲಕ್ಷ ಸಾಲ, ತಿಂಗಳಿಗೆ ನೂರಕ್ಕೆ ಐದು. ಮೊದಲ ತಿಂಗಳ ಬಡ್ಡಿ 15,000 ಹಿಡಿದುಕೊಂಡು ಕೈಗೆ ಕೊಟ್ಟದ್ದು 2,85,000. ಜೊತೆಗೆ ಸಹಿ ಹಾಕಿದ ಖಾಲಿ ಚೆಕ್ಕು. ಇವರು ತಿಂಗಳು ತಪ್ಪದೆ 15,000ದಂತೆ ಇಪ್ಪತ್ತು ತಿಂಗಳು ಕಟ್ಟಿದರು. ಇಪ್ಪತ್ತೊಂದನೇ ತಿಂಗಳು ನಿಂತಿತು. ಸಾಲ ಕೊಟ್ಟವರು ಚೆಕ್ಕಿಗೆ ಮೂರು ಲಕ್ಷ ತುಂಬಿಸಿ ಬ್ಯಾಂಕಿಗೆ ಹಾಕಿದರು, ಅದು ವಾಪಸಾಯಿತು, ನೋಟಿಸ್ ಬಂತು.

ಸಾಲ ಕೊಟ್ಟವರ ಲೆಕ್ಕದಲ್ಲಿ ಬಂದ ಮೂರು ಲಕ್ಷವೂ ಬಡ್ಡಿ, ಅಸಲು ಹಾಗೇ ಇದೆ. ನಮ್ಮ ಲೆಕ್ಕ ಬೇರೆ. ಅಸಲು ಅಂದರೆ ಕೈಗೆ ಬಂದದ್ದು, 2,85,000. ಉದಾಹರಣೆಗೆ ವರ್ಷಕ್ಕೆ ಶೇಕಡಾ 12 ಬಡ್ಡಿ ಹಿಡಿಯೋಣ. ಮೊದಲ ತಿಂಗಳ ಬಡ್ಡಿ 2,850. ಕಟ್ಟಿದ್ದು 15,000. ಉಳಿದ 12,150 ಅಸಲಿಗೆ ಜಮೆ. ಮುಂದಿನ ತಿಂಗಳ ಬಡ್ಡಿ ಇಳಿದ ಅಸಲಿನ ಮೇಲೆ. ಹೀಗೆ ಹೋದರೆ ಇಪ್ಪತ್ತು ತಿಂಗಳ ಕೊನೆಗೆ ಬಾಕಿ ಸುಮಾರು 17,500. ಮೂರು ಲಕ್ಷವೂ ಅಲ್ಲ, ಸೊನ್ನೆಯೂ ಅಲ್ಲ.

ನ್ಯಾಯಾಲಯ ಇದೇ ದರ ಹಿಡಿದು, ಹೀಗೆಯೇ ಜಮೆ ಮಾಡುತ್ತದೆ ಎಂದು ನಾನು ಖಾತ್ರಿ ಕೊಡಲಾರೆ. ವಾದ ಮಾಡಿ ಗೆಲ್ಲಬೇಕಾದ ಮಾತು ಅದು. ಆದರೆ ಚೆಕ್ಕು ಕೊಟ್ಟ ಮೇಲೆ ಸಾಲದ ಒಂದು ಭಾಗ ತೀರಿದ್ದರೆ, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ ಚೆಕ್ ಬೌನ್ಸ್ ಅಪರಾಧ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಮ್ಮ ವಾದಕ್ಕೆ ಅದೇ ಆಧಾರ.

ಕಷ್ಟ ಇರುವುದು ಸಾಕ್ಷ್ಯದಲ್ಲಿ. ಕಟ್ಟಿದ್ದೆಲ್ಲ ನಗದು, ರಶೀದಿ ಇಲ್ಲ ಅಂದರೆ ಆ ಮೂರು ಲಕ್ಷ ಕೋರ್ಟಿನ ಕಣ್ಣಿಗೆ ಕಾಣುವುದೇ ಇಲ್ಲ. ಖಾಲಿ ಚೆಕ್ಕಾದರೂ ಸಹಿ ನಿಮ್ಮದೇ ಆದರೆ ಸಾಲ ಇದೆ ಎಂದೇ ಕೋರ್ಟು ಮೊದಲು ಊಹಿಸುತ್ತದೆ. ಇಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಈ ವ್ಯಾಪಾರಿಯ ಪುಣ್ಯ, ಹದಿನಾಲ್ಕು ಕಂತು ಮಗನ ಫೋನಿನಿಂದ ಯುಪಿಐಯಲ್ಲಿ ಹೋಗಿತ್ತು. ನೋಟಿಸ್ ಸಿಕ್ಕಿ ಹದಿನೈದು ದಿನದೊಳಗೆ ತಾರೀಕು, ಮೊತ್ತ ಬರೆದು ಉತ್ತರ ಕೊಟ್ಟೆವು. ಆಗ ಸುಮ್ನೆ ಕೂತು, ವಿಚಾರಣೆಯಲ್ಲಿ ಮೊದಲ ಸಲ ಬಾಯಿ ಬಿಟ್ಟರೆ ನಂಬುವವರು ಕಡಿಮೆ.

ನಗದಾಗಿ 20,000ಕ್ಕಿಂತ ಹೆಚ್ಚು ಸಾಲ ಕೊಟ್ಟರೆ ಆ ಸಾಲವೇ ಅಸಿಂಧು ಎಂಬ ಮಾತೂ ಓಡಾಡುತ್ತಿದೆ. ಕೇರಳ ಹೈಕೋರ್ಟ್ ಒಮ್ಮೆ ಆ ಅರ್ಥದಲ್ಲಿ ಹೇಳಿದ್ದು ನಿಜ. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆದಾಯ ತೆರಿಗೆಯ ದಂಡ ಬೇರೆ, ಸಾಲ ಬೇರೆ. ಆ ದಂಡವೂ ಸಾಲ ತೆಗೆದುಕೊಂಡವರ ಮೇಲೆಯೇ ಬೀಳುವಂಥದ್ದು.

ಈ ವ್ಯಾಪಾರಿ ಹೊರಡುವಾಗ ಇನ್ನೊಂದು ಯೋಜನೆ ಹೇಳಿದರು: ಊರಿನ ಹತ್ತಿಪ್ಪತ್ತು ಮನೆಗಳಿಂದ ನೂರಕ್ಕೆ ಎರಡರ ಬಡ್ಡಿಗೆ ದುಡ್ಡು ಸಂಗ್ರಹಿಸಿ ಬಾಕಿ ತೀರಿಸುವುದು. ನನಗೆ ನಿಜಕ್ಕೂ ಭಯವಾಯಿತು. ನೆಂಟರಿಂದ ಸಾಲ, ಮಾಲಿಗೆ ಮುಂಗಡ, ಇವು ಬೇರೆ. ಬಡ್ಡಿ ಆಸೆ ತೋರಿಸಿ ಊರವರ ಠೇವಣಿ ಪಡೆಯುವುದನ್ನೇ ಪದ್ಧತಿ ಮಾಡಿಕೊಂಡರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಬರುತ್ತದೆ. ಠೇವಣಿ ತೆಗೆದುಕೊಂಡದ್ದಕ್ಕೇ ಎರಡರಿಂದ ಏಳು ವರ್ಷ ಜೈಲು. ಮೋಸದಿಂದ ವಾಪಸ್ ಕೊಡದಿದ್ದರೆ ಇನ್ನೂ ಜಾಸ್ತಿ. ಬೇಡ ಅಂದೆ. ಬಾಕಿ ಎಷ್ಟೆಂದು ಮೊದಲು ಕಾಗದದ ಮೇಲೆ ಇಳಿಸಿ, ಆ ಮೊತ್ತವನ್ನು ಬ್ಯಾಂಕ್ ಮೂಲಕವೇ ಕೊಡಲು ತಯಾರಿದ್ದೇವೆಂದು ಎದುರಿನ ವಕೀಲರಿಗೆ ಬರೆದೆವು. ಚೆಕ್ಕು ವಾಪಸ್ ಕೊಡಬೇಕೆಂದೂ ಅದರಲ್ಲೇ ಸೇರಿಸಿದೆವು.