ಓದುಗರ ಪ್ರಶ್ನೆ: ವಕೀಲರ ರೆಸ್ಯೂಮೆಯಲ್ಲಿ ‘13 ವರ್ಷ ಅನುಭವ’ ಅಂತಿದ್ದರೆ ಅದರಲ್ಲಿ ಕೋರ್ಟಿನದ್ದು ಎಷ್ಟು?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ ನೋಡಿಕೊಳ್ಳುವ ಸಣ್ಣ ಕಂಪನಿ. ಜಮೀನಿನ ತಕರಾರು ಜಾಸ್ತಿ ಆದ್ದರಿಂದ ವಕೀಲರು ಬೇಕೆಂದು ಜಾಹೀರಾತು ಕೊಟ್ಟೆವು. ಬಾರ್ ಕೌನ್ಸಿಲ್ ನೋಂದಣಿ ಇರಬೇಕು, ಸಿವಿಲ್ ಮತ್ತು ಕಂದಾಯ ಕೇಸುಗಳಲ್ಲಿ ಪಳಗಿರಬೇಕು, ಕೋರ್ಟಿನಲ್ಲಿ ಕನಿಷ್ಠ 7 ವರ್ಷದ ಅನುಭವ ಇರಬೇಕು, ಪೂರ್ಣಾವಧಿ ಸಂಬಳದ ಕೆಲಸ ಅಂತ ಬರೆದಿದ್ದೆವು. ಒಂದು ರೆಸ್ಯೂಮೆ ಬಹಳ ಹಿಡಿಸಿದೆ, 13 ವರ್ಷ ಅನುಭವ ಅಂತಿದೆ. ನಂಬಬಹುದಾ?

ಉತ್ತರ: ರೆಸ್ಯೂಮೆಗಿಂತ ಮೊದಲು ನಿಮ್ಮ ಜಾಹೀರಾತನ್ನೇ ನೋಡೋಣ, ಯಾಕೆಂದರೆ ಅಲ್ಲೇ ಒಂದು ತೊಡಕಿದೆ. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳಕ್ಕೆ ಸೇರಿದ ವಕೀಲರು ಅದನ್ನು ತಮ್ಮ ಬಾರ್ ಕೌನ್ಸಿಲ್‌ಗೆ ತಿಳಿಸಬೇಕು. ಆ ಕೆಲಸದಲ್ಲಿ ಇರುವಷ್ಟು ದಿನ ವಕೀಲಿ ಮಾಡುವಂತಿಲ್ಲ. ಅಂದರೆ ನೀವು ತಿಂಗಳ ಸಂಬಳ ಕೊಟ್ಟು ಇಟ್ಟುಕೊಂಡವರು ನಿಮ್ಮ ಪರವಾಗಿ ವಕಾಲತ್ತು ಹಾಕೋದಕ್ಕೆ ಆಗಲ್ಲ. ಕಾಗದಪತ್ರ ನೋಡಲು, ಹೊರಗಿನ ವಕೀಲರ ಜೊತೆ ಓಡಾಡಲು ಜನ ಬೇಕಾದರೆ ಲಾ ಆಫೀಸರ್ ಅಂತ ತಗೊಳ್ಳಿ. ಕೋರ್ಟಿನಲ್ಲಿ ನಿಲ್ಲುವವರೇ ಬೇಕಾದರೆ ಕೇಸಿಗಿಷ್ಟು ಅಂತಲೋ ತಿಂಗಳಿಗಿಷ್ಟು ಫೀಸು ಅಂತಲೋ ಮಾತಾಡಿಕೊಳ್ಳಿ, ಅವರ ಆಫೀಸು ಅವರದ್ದೇ ಇರಲಿ. ನಿಮ್ಮ ಪ್ರಶ್ನೆ ನೋಡಿದರೆ ನಿಮಗೆ ಬೇಕಾಗಿರುವುದು ಎರಡನೆಯದು ಅನ್ನಿಸುತ್ತದೆ.

ಇದೇ ನಿಯಮ ರೆಸ್ಯೂಮೆ ಓದುವುದಕ್ಕೂ ಉಪಯೋಗಕ್ಕೆ ಬರುತ್ತದೆ. ನೀವು ಕಳಿಸಿದ ಪ್ರತಿಯಲ್ಲಿರುವ ಲೆಕ್ಕ ಹೀಗಿದೆ: 2012ರಲ್ಲಿ ಸನದು, ಅಂದರೆ ಬಾರ್ ಕೌನ್ಸಿಲ್ ನೋಂದಣಿ. 2012ರಿಂದ 2014 ಮೈಸೂರಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್. 2014ರಿಂದ 2020 ಬೆಂಗಳೂರಿನ ಕಂಪನಿಯಲ್ಲಿ ಲಾ ಆಫೀಸರ್. 2020ರಿಂದ 2025ರ ತನಕ ಮಡಿಕೇರಿಯಲ್ಲಿ ಸ್ವಂತ ವಕೀಲಿ. ಎಲ್ಲಾ ಕೂಡಿದರೆ 13 ಆಗುತ್ತದೆ, ಸುಳ್ಳೇನಿಲ್ಲ. ಆದರೆ ನಡುವಿನ 6 ವರ್ಷ ಸಂಬಳದ ಕೆಲಸ. ಅದನ್ನು ತೆಗೆದರೆ ಕೋರ್ಟಿನದ್ದು 7 ವರ್ಷ ಉಳಿಯಿತು. ನಿಮ್ಮ ಷರತ್ತಿಗೆ ಸರಿಯಾಗಿ ಅಂಚಿನಲ್ಲಿ ನಿಂತಿದೆ. ಆ 7ರಲ್ಲೂ ಎರಡು ಜೂನಿಯರ್ ಆಗಿದ್ದ ವರ್ಷಗಳು.

ಈಗ ಇವರಿಂದ ಎರಡು ಕಾಗದ ಕೇಳಿ. ಮೊದಲನೆಯದು, 2014ರಲ್ಲಿ ಸನದನ್ನು ತಾತ್ಕಾಲಿಕವಾಗಿ ನಿಲ್ಲಿಸಿ 2020ರಲ್ಲಿ ಮತ್ತೆ ಶುರು ಮಾಡಿದ್ದಕ್ಕೆ ಬಾರ್ ಕೌನ್ಸಿಲ್‌ನ ಪತ್ರ. ಅದಿದ್ದರೆ ಮನುಷ್ಯ ಶಿಸ್ತಿನವರು ಅಂತಲೇ ಲೆಕ್ಕ. ಇಲ್ಲದಿದ್ದರೆ ಅವರು ಏನು ಹೇಳುತ್ತಾರೆ ಕೇಳಿ. ನಿಲ್ಲಿಸಲೇ ಇಲ್ಲ ಅಂದರೆ ನಾನಾದರೆ ಹಿಂದೆ ಸರಿಯುತ್ತೇನೆ. ಎರಡನೆಯದು ಎಐಬಿಇ, ಅಂದರೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾದ ಪ್ರಮಾಣಪತ್ರ. 2009-10ರ ಸಾಲಿನಿಂದ ಈಚೆಗೆ ಕಾನೂನು ಪದವಿ ಮುಗಿಸಿದವರಿಗೆ ಇದು ಬೇಕೇ ಬೇಕು. ಸುಮ್ನೆ ‘ಬಾರ್ ಕೌನ್ಸಿಲ್ ಸದಸ್ಯ’ ಅಂತ ಬರೆದು ಸಂಖ್ಯೆ ಕೊಡದ ರೆಸ್ಯೂಮೆಗಳೂ ಬರುತ್ತವೆ. ಕರ್ನಾಟಕದ ಸಂಖ್ಯೆ KAR ಅಂತ ಶುರುವಾಗಿ, ನಡುವೆ ಅಂಕಿ, ಕೊನೆಗೆ ನೋಂದಣಿಯ ವರ್ಷ ಇರುತ್ತದೆ. ಆ ವರ್ಷವನ್ನು ‘ಅನುಭವ’ದ ಜೊತೆ ಇಟ್ಟು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ.

ನಮ್ಮ ಕಡೆ ಕಣ್ಣೂರಿನವರ ಅರ್ಜಿಯೂ ಬರುತ್ತವಲ್ವಾ, ಕೇರಳದ ಸನದು ಅಂತ ಬದಿಗಿಡಬೇಡಿ. ವಕೀಲರ ಕಾಯ್ದೆಯ 30ನೇ ಕಲಂ 2011ರಲ್ಲಿ ಜಾರಿಗೆ ಬಂದ ಮೇಲೆ ಯಾವ ರಾಜ್ಯದ ವಕೀಲರೂ ದೇಶದ ಯಾವ ಕೋರ್ಟಿನಲ್ಲೂ ನಿಲ್ಲಬಹುದು. ಆದರೆ ಹಳೆಯ ಕನ್ನಡ ದಾಖಲೆ, ಪಹಣಿ ಓದಲು ಬರುತ್ತದಾ ಅಂತ ಮಾತ್ರ ಕೇಳಿಕೊಳ್ಳಿ. ನಮ್ಮ ಕೆಳ ಕೋರ್ಟುಗಳಲ್ಲಿ ಸಾಕ್ಷಿ ಮಾತಾಡುವುದು ಕನ್ನಡದಲ್ಲಿ.

ಇನ್ನು ಕೋರ್ಟಿನ ಅನುಭವ. ‘300ಕ್ಕೂ ಹೆಚ್ಚು ಕೇಸು ನಿರ್ವಹಿಸಿದ್ದೇನೆ’ ಅಂತಿದೆ. ‘ನಿರ್ವಹಿಸುವುದು’ ಅಂದರೆ ವಾಯಿದೆ ಕೇಳಿ ಬಂದದ್ದೂ ಆಗಬಹುದು, ಸಾಕ್ಷಿಯ ಪಾಟಿ ಸವಾಲು ಮಾಡಿದ್ದೂ ಆಗಬಹುದು. ಹತ್ತು ಕೇಸಿನ ನಂಬರ್ ಕೇಳಿ. ಪ್ರತಿಯೊಂದರ ಎದುರು ಇವರು ಏನು ಮಾಡಿದರು ಅಂತ ಒಂದು ಸಾಲು ಬರೆಯಲು ಹೇಳಿ: ದಾವೆ ಬರೆದವರು ಯಾರು, ಪಾಟಿ ಸವಾಲು ಮಾಡಿದವರು ಯಾರು, ಕೊನೆಯ ವಾದ ಮಂಡಿಸಿದವರು ಯಾರು. ಆಮೇಲೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ Case Status ತೆರೆದು Advocate ಆರಿಸಿ. ಹೆಸರಿನಿಂದಲೂ ಹುಡುಕಬಹುದು, ಸನದಿನ ಸಂಖ್ಯೆಯಿಂದಲೂ ಹುಡುಕಬಹುದು. ಕೊಡಗಿನಲ್ಲಿ ಹೆಸರಿನಿಂದ ಹುಡುಕಿದರೆ ಎಷ್ಟು ಜನ ಪೊನ್ನಪ್ಪ, ಎಷ್ಟು ಜನ ಬೋಪಣ್ಣ ಸಿಗುತ್ತಾರೆ ಅಂತ ನಿಮಗೇ ಗೊತ್ತು. ಇನಿಷಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ. ಸಂಖ್ಯೆಯಿಂದ ಹುಡುಕುವುದೇ ಲೇಸು.

ಇದಕ್ಕೂ ಮಿತಿ ಇದೆ. ಜೂನಿಯರ್ ಆಗಿದ್ದಾಗ ವಕಾಲತ್ತು ಸಾಮಾನ್ಯವಾಗಿ ಹಿರಿಯರ ಹೆಸರಿನಲ್ಲಿರುತ್ತದೆ. ಹಾಗಾಗಿ ಮೈಸೂರಿನ ಆ 2 ವರ್ಷ ಅಲ್ಲಿ ಕಾಣದಿದ್ದರೆ ಅದು ಸುಳ್ಳು ಅಂತ ಅಲ್ಲ. ಅದಕ್ಕೆ ಹಿರಿಯರ ಪತ್ರ ಸಾಕು. ಆದರೆ 2020ರ ಮೇಲಿನ ಮಡಿಕೇರಿಯ ಕೇಸುಗಳು ಕಾಣಲೇಬೇಕು. ಐದು ವರ್ಷ ಸ್ವಂತ ಆಫೀಸು ನಡೆಸಿದವರ ಹೆಸರಿನಲ್ಲಿ ಬೆರಳೆಣಿಕೆಯಷ್ಟೇ ಕೇಸು ಸಿಕ್ಕರೆ ಕಾರಣ ಕೇಳಬೇಕು. ಉಪವಿಭಾಗಾಧಿಕಾರಿಗಳ ಮುಂದಿನ ಪಹಣಿ ಮೇಲ್ಮನವಿಗಳು ಈ ಹುಡುಕಾಟದಲ್ಲಿ ಸಿಗುವುದಿಲ್ಲ. ಅವುಗಳಿಗೆ ವಕೀಲರ ಹೆಸರಿರುವ ಆದೇಶದ ನಕಲು ಕೇಳಿ.

ಸಿಕ್ಕ ಪಟ್ಟಿಯಲ್ಲಿ ಕೇಸಿನ ಬಗೆ ನೋಡಿ. ರೆಸ್ಯೂಮೆಯಲ್ಲಿ ‘ಸಿವಿಲ್, ಕಂದಾಯ, ಕ್ರಿಮಿನಲ್, ಗ್ರಾಹಕ, ಕಾರ್ಮಿಕ’ ಅಂತ ಸಾಲಾಗಿ ಬರೆದಿರುತ್ತಾರೆ, ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲವನ್ನೂ ಮಾಡುತ್ತಾರೆ, ತಪ್ಪೇನಲ್ಲ. ಆದರೆ ಹೆಚ್ಚಿನದು ಚೆಕ್ ಬೌನ್ಸ್ ಮತ್ತು ಅಪಘಾತ ಪರಿಹಾರ ಆಗಿದ್ದರೆ ಇವರು ನಿಮ್ಮ ಜಮೀನಿನ ಕೇಸಿನವರಲ್ಲ. O.S. ಅಂದರೆ ಮೂಲ ದಾವೆ, R.A. ಅಂದರೆ ಜಿಲ್ಲೆಯೊಳಗಿನ ಮೇಲ್ಮನವಿ, F.D.P. ಅಂದರೆ ಪಾಲಿನ ದಾವೆ ಗೆದ್ದ ಮೇಲೆ ಅಳತೆ ಮಾಡಿಸಿ ಪಾಲು ಹಂಚುವ ಹಂತ. ನಾನು ಮೊದಲು ಹುಡುಕುವುದು ಈ ಕೊನೆಯದನ್ನು. ಪಾಲಿನ ದಾವೆಯಲ್ಲಿ ತೀರ್ಪು ಬಂದ ಮೇಲೂ ಕೋರ್ಟ್ ಕಮಿಷನರ್ ಬರಬೇಕು, ಗಡಿ ಗುರುತಿಸಬೇಕು, ತೋಟದ ಯಾವ ಭಾಗ ಯಾರಿಗೆ ಅಂತ ಜಗಳ ಮತ್ತೆ ಏಳುತ್ತದೆ. ಅದನ್ನು ಒಂದೆರಡು ಸಲ ಕೊನೆ ತನಕ ಮುಟ್ಟಿಸಿದವರಿಗೆ ಜಮೀನಿನ ಕೇಸು ಗೊತ್ತು ಅಂತ ಅರ್ಥ.

ಸಂದರ್ಶನಕ್ಕೆ ಕರೆದಾಗ ನಿಮ್ಮದೇ ಒಂದು ಜಮ್ಮಾ ಬಾಣೆಯ ಪಹಣಿ ಮೇಜಿನ ಮೇಲಿಡಿ. ಕುಟುಂಬದ ಹಲವರ ಹೆಸರು ಒಟ್ಟಿಗೆ ಇರುವಂಥದ್ದು. ಇದರಲ್ಲಿ ಕಂಪನಿ ಒಬ್ಬರಿಂದ ಗುತ್ತಿಗೆ ಪಡೆದಿದೆ, ಇನ್ನೊಬ್ಬರು ಬಂದು ಕಾಫಿ ಕೊಯ್ಲು ತಡೆಯುತ್ತಿದ್ದಾರೆ, ಮೊದಲು ಏನು ಮಾಡುತ್ತೀರಿ ಅಂತ ಕೇಳಿ. ತಕ್ಷಣ ‘ತಡೆಯಾಜ್ಞೆ ತರೋಣ’ ಅಂದರೆ ನಿಧಾನಿಸಿ. ಗುತ್ತಿಗೆ ಕೊಟ್ಟವರಿಗೆ ಕೊಡುವ ಹಕ್ಕಿತ್ತಾ, ಪಟ್ಟೆದಾರ ಯಾರು, ಕುಟುಂಬದಲ್ಲಿ ಪಾಲಾಗಿದೆಯಾ, ಗುತ್ತಿಗೆ ಪತ್ರ ನೋಂದಣಿ ಆಗಿದೆಯಾ ಅಂತ ಅವರೇ ತಿರುಗಿ ಕೇಳಿದರೆ, ಮೈಸೂರಿನ ಎರಡು ವರ್ಷದ ಪತ್ರ ಸಿಗದಿದ್ದರೂ ನಾನು ಇವರನ್ನು ಬಿಡುವುದಿಲ್ಲ.