ಡೆಸಿಬೆಲ್: 78ಕ್ಕೆ 78 ಕೂಡಿದರೆ 81 ಏಕೆ?

P2 ಎಂಬ ಪವರ್ P1 ಎಂಬ ಪವರ್‌ನ ಎಷ್ಟು ಪಟ್ಟು ಎಂಬ ಅನುಪಾತವನ್ನು ಡೆಸಿಬೆಲ್ ಮಾಡುವುದಕ್ಕೂ ವಾಪಸ್ ತರುವುದಕ್ಕೂ ಬೇಕಾದದ್ದು ಇಷ್ಟೇ:

```
dB = 10 × log10(P2/P1)
P2/P1 = 10^(dB/10)
```

ಕ್ಯಾಲ್ಕ್ಯುಲೇಟರ್‌ನಲ್ಲಿ ln ಅಲ್ಲ, log ಒತ್ತಿ. 2 ಪಟ್ಟಿಗೆ 3.01 ಬರಬೇಕು; 6.93 ಬಂದರೆ ಒತ್ತಿದ್ದು ln.

ಪರೀಕ್ಷೆಯಲ್ಲಿ ನನಗೆ ಕ್ಯಾಲ್ಕ್ಯುಲೇಟರ್‌ಗಿಂತ ಇಷ್ಟವಾದದ್ದು ಎರಡೇ ಸಂಖ್ಯೆಯ ದಾರಿ. 10 ಡೆಸಿಬೆಲ್ ಅಂದರೆ 10 ಪಟ್ಟು, 3 ಡೆಸಿಬೆಲ್ ಅಂದರೆ ಹತ್ತಿರಹತ್ತಿರ 2 ಪಟ್ಟು. ಉಳಿದದ್ದನ್ನು ಇವುಗಳಿಂದಲೇ ಕಟ್ಟಬಹುದು. 7 ಅಂದರೆ 10ರಲ್ಲಿ 3 ಕಳೆದದ್ದು, ಹಾಗಾಗಿ 10ನ್ನು 2ರಿಂದ ಭಾಗಿಸಿದರೆ 5 ಪಟ್ಟು. 17 ಅಂದರೆ 20ರಲ್ಲಿ 3 ಕಳೆದದ್ದು, 100ರ ಅರ್ಧ, 50 ಪಟ್ಟು. 1 ಕೂಡ ಸಿಗುತ್ತದೆ: 10ರಲ್ಲಿ ಮೂರು ಸಲ 3 ಕಳೆಯಿರಿ, 10ನ್ನು 8ರಿಂದ ಭಾಗಿಸಿದಂತೆ, 1.25. ನಿಜವಾದ ಬೆಲೆ 1.26.

ಈ ದಾರಿಯಲ್ಲೇ ಮುಖ್ಯ ವಿಷಯ ಅಡಗಿದೆ. ಡೆಸಿಬೆಲ್ ಕೂಡಿದಾಗಲೆಲ್ಲ ಒಳಗೆ ನಡೆಯುತ್ತಿರುವುದು ಗುಣಾಕಾರ. ಆಂಪ್ಲಿಫೈಯರ್ 20 ಡೆಸಿಬೆಲ್ ಹೆಚ್ಚಿಸಿ, ಅದರ ಮುಂದಿನ ಕೇಬಲ್ 3 ಡೆಸಿಬೆಲ್ ತಿಂದರೆ ಒಟ್ಟು 17 ಎನ್ನುವುದು ಸರಿ. ಒಂದೇ ಸಿಗ್ನಲ್ ಒಂದಾದ ಮೇಲೊಂದು ಹಂತ ದಾಟುವಾಗ ಪಟ್ಟುಗಳು ಗುಣಿಸಲ್ಪಡುತ್ತವೆ.

ಈಗ ಶಿಡ್ಲಘಟ್ಟದ ಒಂದು ರೇಷ್ಮೆ ರೀಲಿಂಗ್ ಘಟಕಕ್ಕೆ ಬನ್ನಿ. ಒಂದು ಯಂತ್ರ ಮಾತ್ರ ಓಡುವಾಗ ಬಾಗಿಲ ಬಳಿ 78 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಅಂಥದ್ದೇ ಇನ್ನೊಂದನ್ನು ಓಡಿಸಿದರೆ? 156 ಎಂದು ಬರೆದರೆ, ಎರಡನೇ ಯಂತ್ರ ಮೊದಲನೆಯದರ ಸದ್ದನ್ನು ಗುಣಿಸಿತು ಎಂದರ್ಥ. ಎಷ್ಟು ಪಟ್ಟು ಎಂದು ನೋಡಿ: 78ನ್ನು 10ರಿಂದ ಭಾಗಿಸಿ 7.8, 10^7.8 ಅಂದರೆ 6.31 ಕೋಟಿ ಪಟ್ಟು! ಎರಡನೇ ಯಂತ್ರ ಮೊದಲನೆಯದನ್ನು ಗುಣಿಸುವುದಿಲ್ಲ, ಪಕ್ಕದಲ್ಲಿ ನಿಂತು ತನ್ನ ಪಾಲಿನ ಪವರ್ ಸೇರಿಸುತ್ತದೆ, ಅಷ್ಟೇ. ಆದ್ದರಿಂದ ಮೊದಲು ಎರಡನ್ನೂ ಒಂದೇ ಆಧಾರ ಮಟ್ಟಕ್ಕೆ, ಅಂದರೆ ಒಂದೇ P1ಗೆ, ಹೋಲಿಸಿದ ಅನುಪಾತಕ್ಕೆ ಇಳಿಸಬೇಕು, ಅಲ್ಲಿ ಕೂಡಬೇಕು, ಮತ್ತೆ ಮೇಲೇರಿಸಬೇಕು:

```
6.31 ಕೋಟಿ + 6.31 ಕೋಟಿ = 12.62 ಕೋಟಿ
10 × log10(12.62 ಕೋಟಿ) = 81.0 dB
```

ಪವರ್ ಇಮ್ಮಡಿಯಾಯಿತು, ಡೆಸಿಬೆಲ್ 3 ಏರಿತು. ಅಂಥ ಹತ್ತು ಯಂತ್ರಗಳು ಬಾಗಿಲಿಗೆ ಇಷ್ಟಿಷ್ಟೇ ಸದ್ದು ಮುಟ್ಟಿಸಿದರೆ 88.

ಎರಡು ಸದ್ದುಗಳು ಸಮವಿಲ್ಲದಿದ್ದರೆ ಏರಿಕೆ ಇನ್ನೂ ಕಡಿಮೆ. 78ರ ಪಕ್ಕ 68ರ ಮೋಟಾರು ಓಡಿದರೆ 6.31 ಕೋಟಿಗೆ ಬರೀ 63.1 ಲಕ್ಷ ಸೇರುತ್ತದೆ, ಉತ್ತರ 78.4. ಹಾಗಾಗಿ ಇಂಥ ಎರಡು ಮೂಲಗಳನ್ನು ಕೂಡಿದ ಉತ್ತರ ದೊಡ್ಡದಕ್ಕಿಂತ 3ಕ್ಕೂ ಹೆಚ್ಚು ಮೇಲಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ.

ಇದು ಒಂದಕ್ಕೊಂದು ಸಂಬಂಧವಿಲ್ಲದ ಸದ್ದುಗಳ ಮಾತು. ಎರಡು ಸ್ಪೀಕರ್‌ಗಳು ಒಂದೇ ಸ್ವರವನ್ನು ಹೊರಡಿಸಿ, ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿ ಬಂದರೆ ಒತ್ತಡವೇ ಇಮ್ಮಡಿಯಾಗಿ ಪವರ್ 4 ಪಟ್ಟಾಗುತ್ತದೆ, 6 ಡೆಸಿಬೆಲ್ ಏರಿಕೆ. ವಿರುದ್ಧವಾಗಿ ಬಂದರೆ ಒಂದನ್ನೊಂದು ಅಳಿಸಬಹುದು. ಅಲ್ಲಿ ಪವರ್‌ಗಳನ್ನಲ್ಲ, ಅಲೆಗಳನ್ನೇ ಕೂಡಬೇಕು.